ಮಗಳಿಗೊಂದು ಪತ್ರ: ಪುಸ್ತಕ ಮುಚ್ಚಿ ಬರೆ

ಪ್ರೀತಿಯ ಮಗಳೇ,

ಶಿವನಸಮುದ್ರದ ವಿದ್ಯುತ್ ಕೇಂದ್ರದ ಬಗ್ಗೆ ನೀನು ಬರೆದ ಇಂಗ್ಲಿಷ್ ಪ್ರಬಂಧವನ್ನು ಮೂಲದ ಪಕ್ಕದಲ್ಲಿಟ್ಟು ಎರಡು ಸಲ ಓದಿದೆ. ‘ಇದು ನಿನ್ನ ಮಾತಲ್ಲ’ ಎಂದು ನಿನ್ನ ಟೀಚರ್ ಬರೆದದ್ದು ನಿನಗೆ ನೋವು ತಂದಿದೆ. ಕದಿಯುವ ಉದ್ದೇಶ ನಿನಗಿರಲಿಲ್ಲ, ಬಲ್ಲೆ. ಆದರೂ ಅವರು ಹೇಳಿದ್ದು ಸರಿ.

ಮೂಲದಲ್ಲಿ ಹೀಗಿದೆ: ‘ಆಲ್ದೋ ದ ಸ್ಟೇಷನ್ ವಾಸ್ ಬಿಲ್ಟ್ ಮೇನ್ಲಿ ಟು ಪವರ್ ದ ಗೋಲ್ಡ್ ಮೈನ್ಸ್ ಅಟ್ ಕೋಲಾರ್, ಇಟ್ ಆಲ್ಸೋ ಬ್ರಾಟ್ ಎಲೆಕ್ಟ್ರಿಕ್ ಲೈಟ್ ಟು ಬ್ಯಾಂಗಲೋರ್ ಇನ್ 1905.’ ನೀನು ‘ಆಲ್ದೋ’ ಬದಲು ‘ದೋ’, ‘ಬಿಲ್ಟ್’ ಬದಲು ‘ಕನ್‌ಸ್ಟ್ರಕ್ಟೆಡ್’, ‘ಲೈಟ್’ ಬದಲು ‘ಇಲ್ಯುಮಿನೇಷನ್’ ಹಾಕಿದ್ದೀಯ. ವಾಕ್ಯದ ಎಲುಬುಗೂಡು ಮಾತ್ರ ಅಲುಗಿಲ್ಲ. ಮೊದಲು ಗಣಿ, ಆಮೇಲೆ ಬೆಂಗಳೂರು, ಕೊನೆಗೆ ಇಸವಿ. ಅದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು. ಪದ ಬದಲಿಸುವ ಗಡಿಬಿಡಿಯಲ್ಲಿ ‘ಮೇನ್ಲಿ’ ಬಿಟ್ಟುಹೋಗಿದೆ. ಕೇಂದ್ರವನ್ನು ಕಟ್ಟಿದ್ದು ಗಣಿಗಾಗಿ ಮಾತ್ರ ಎಂಬ ಅರ್ಥ ಬಂದುಬಿಟ್ಟಿತು. ಮಾತು ಅವರದ್ದೇ ಉಳಿಯಿತು, ಅರ್ಥ ಮಾತ್ರ ಬದಲಾಯಿತು.

ಹೀಗೆ ಮಾಡಿ ನೋಡು. ಪ್ಯಾರಾವನ್ನು ಅರ್ಥವಾಗುವವರೆಗೆ ಓದಿ ಪುಸ್ತಕ ಮುಚ್ಚು. ಓದಿದ್ದನ್ನು ಕನ್ನಡದಲ್ಲಿ ಜೋರಾಗಿ ಹೇಳು, ಅಜ್ಜಿಗೆ ಹೇಳುವ ಹಾಗೆ: ‘ಕೋಲಾರದ ಚಿನ್ನದ ಗಣಿಗೆಂದೇ ಹೆಚ್ಚಾಗಿ ಕಟ್ಟಿದ್ದು, ಆದರೆ 1905ರಲ್ಲಿ ಬೆಂಗಳೂರಿಗೂ ದೀಪ ಬಂತು.’ ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಇಂಗ್ಲಿಷಿನ ಪದಕ್ರಮ ತಾನಾಗಿ ಮುರಿಯುತ್ತದೆ. ನಾಲ್ಕೇ ಗುರುತು ಬರೆದುಕೋ: ಗಣಿ, ಹೆಚ್ಚಾಗಿ, ಬೆಂಗಳೂರಿಗೂ, 1905. ಪುಸ್ತಕ ತೆರೆಯದೆ ಆ ಗುರುತುಗಳಿಂದಲೇ ಇಂಗ್ಲಿಷ್‌ನಲ್ಲಿ ಬರೆ.

ನಾನು ಬರೆದಾಗ ಹೀಗಾಯಿತು: ‘ಬ್ಯಾಂಗಲೋರ್ ಗಾಟ್ ಇಟ್ಸ್ ಎಲೆಕ್ಟ್ರಿಕ್ ಲೈಟ್ಸ್ ಇನ್ 1905 ಫ್ರಮ್ ಎ ಸ್ಟೇಷನ್ ಮೆಂಟ್ ಚೀಫ್ಲಿ ಫಾರ್ ದ ಕೋಲಾರ್ ಗೋಲ್ಡ್ ಮೈನ್ಸ್.’ ಬೆಂಗಳೂರು ಮುಂದೆ ಬಂತು, ಎರಡು ಉಪವಾಕ್ಯಗಳ ಜೋಡಣೆ ಹೋಯಿತು, ‘ಹೆಚ್ಚಾಗಿ’ ಉಳಿಯಿತು. ‘ಗೋಲ್ಡ್ ಮೈನ್ಸ್’, ‘ಎಲೆಕ್ಟ್ರಿಕ್ ಲೈಟ್’ ಹಾಗೆಯೇ ಇರಲಿ; ಅವು ವಸ್ತುಗಳ ಹೆಸರು, ಯಾರ ಸ್ವಂತ ಮಾತೂ ಅಲ್ಲ. ‘ಇಲ್ಯುಮಿನೇಷನ್’ ಅಲ್ಲಿ ಕೃತಕವಾಗಿ ಕೇಳಿಸುತ್ತದೆ.

ಆಮೇಲೆ ಪುಸ್ತಕ ತೆರೆದು ಹೋಲಿಸು. ಹೆಸರುಗಳನ್ನು ಬಿಟ್ಟು ನಾಲ್ಕೈದು ಪದಗಳು ಸಾಲಾಗಿ ಒಂದೇ ಆಗಿದ್ದರೆ ಆ ವಾಕ್ಯವನ್ನು ಮತ್ತೆ ಬರೆ. ಲೇಖಕರ ಒಂದು ನುಡಿ ಬಿಡಲಾರದಷ್ಟು ಚೆನ್ನಾಗಿದ್ದರೆ ಉದ್ಧರಣ ಚಿಹ್ನೆಯೊಳಗೆ ಇಡು. ಮಾತು ಪೂರ್ತಿ ನಿನ್ನದಾದರೂ ವಿಷಯ ಅವರಿಂದ ಬಂದದ್ದು. ಅವರ ಹೆಸರು ಹೇಳಲೇಬೇಕು.

ಭಾನುವಾರ ಫೋನ್ ಮಾಡಿದಾಗ ಮುಂದಿನ ಪ್ಯಾರಾವನ್ನು ನನಗೆ ಕನ್ನಡದಲ್ಲಿ ಹೇಳು. ಪುಸ್ತಕ ಪಕ್ಕದ ಕೋಣೆಯಲ್ಲಿರಲಿ.

ನಿನ್ನ ಅಮ್ಮ