ಕ್ರೇನ್ ಹಳಿಯ ಬೀಮಿಗೆ ಇನ್ನು ಮುಂದೆ ಮಣ್ಣು ಪರೀಕ್ಷೆ ಇಲ್ಲದೆ ಕೈ ಹಾಕುವುದಿಲ್ಲ

ನಮ್ಮ ಗ್ರಾಹಕರಿಗೆ ನಮಸ್ಕಾರ,

ಈ ತಿಂಗಳಿಂದ ಬಿಲ್ಲಿನಲ್ಲಿ ಮಣ್ಣು ಪರೀಕ್ಷೆಗೆ, ಮುರುಮ್ ಹಾಸಿಗೆಗೆ ಬೇರೆ ಬೇರೆ ಸಾಲು ಇರುತ್ತವೆ. ಹೋದ ಮಳೆಗಾಲದಲ್ಲಿ ಒಂದು ಅಂಗಳದ ಹಳಿ ತಗ್ಗಿತು. ಅದು ನಮ್ಮ ತಪ್ಪು, ಕ್ಷಮಿಸಿ. ಎರೆ ಮಣ್ಣು ಒಣಗಿದ್ದಾಗ, ಮೇ ತಿಂಗಳಲ್ಲಿ ತೆಗೆದ ಅಂಕಿಯನ್ನೇ ನಂಬಿ ಲೆಕ್ಕ ಮಾಡಿದ್ದೆವು.

ಆದರೆ ಎಲ್ಲರೂ ಕೇಳುವುದು ಒಂದೇ: "ಪರೀಕ್ಷೆ ಯಾಕೆ ರೀ, ಬೀಮ್ ಸ್ವಲ್ಪ ದಪ್ಪ ಮಾಡಿದ್ರೆ ಮುಗೀತಲ್ವಾ?" ಮುಗಿಯುವುದಿಲ್ಲ. ಅದೇ ಅಂಗಳದ ಲೆಕ್ಕ ನೋಡಿ.

ಬೀಮ್ 40 ಸೆಂ.ಮೀ. ಅಗಲ, 40 ಸೆಂ.ಮೀ. ದಪ್ಪ, 20 ಮೀಟರ್ ಉದ್ದ, ಎಂ25 ಕಾಂಕ್ರೀಟು. ಚಕ್ರದ ಭಾರ 100 ಕಿಲೋನ್ಯೂಟನ್, ಅಂದರೆ ಸುಮಾರು 10 ಟನ್. ಒಣ ಮಣ್ಣಿನ ಮೇಲೆ ಚದರ ಮೀಟರಿಗೆ 20 ಕಿಲೋನ್ಯೂಟನ್ ಒತ್ತಿದರೆ 1 ಮಿ.ಮೀ. ತಗ್ಗುತ್ತಿತ್ತು. ನೆಂದ ಮೇಲೆ 5 ಕಿಲೋನ್ಯೂಟನ್‌ಗೇ ಅಷ್ಟು ತಗ್ಗಿತು. ಈ ಅಂಕಿಯನ್ನು ಬೀಮಿನ ಅಗಲದಿಂದ, ಮತ್ತೆ ಮಿ.ಮೀ. ಲೆಕ್ಕವನ್ನು ಮೀಟರಿಗೆ ತರಲು 1000ದಿಂದ ಗುಣಿಸಿದರೆ ಬೀಮಿನ ಕೆಳಗಿನ ಮಣ್ಣಿನ ಗಟ್ಟಿತನ k ಸಿಗುತ್ತದೆ. ಆಮೇಲೆ ಬೇಕಾಗುವುದು ಮೂರೇ ಸೂತ್ರ:

```
L = (4EI/k)^(1/4)
y = P/(2kL)
M = PL/4
```

P ಚಕ್ರದ ಭಾರ, E ಕಾಂಕ್ರೀಟಿನ ಬಿಗಿತ, I ಬೀಮಿನ ಅಗಲ ಮತ್ತು ದಪ್ಪದಿಂದ ಬರುವ ಅಳತೆ, y ತಗ್ಗು, M ಬೀಮನ್ನು ಬಾಗಿಸುವ ಮೊಮೆಂಟ್. L ಅಂದರೆ ಬೀಮಿನ ಉದ್ದ ಅಲ್ಲ. ಚಕ್ರದ ಭಾರವನ್ನು ಬೀಮು ಎಷ್ಟು ದೂರ ಹಂಚುತ್ತದೆ ಅನ್ನುವ ಅಳತೆ ಅದು. ಒಣ ಮಣ್ಣಿಗೆ L 2.27 ಮೀಟರ್, ತಗ್ಗುವುದು 2.75 ಮಿ.ಮೀ., ಬಾಗಿಸುವ ಮೊಮೆಂಟ್ 57 ಕಿಲೋನ್ಯೂಟನ್ ಮೀಟರ್. ನೆಂದ ಮಣ್ಣಿಗೆ L 3.21 ಮೀಟರ್, ಮೊಮೆಂಟ್ 80, ತಗ್ಗುವುದು 7.8 ಮಿ.ಮೀ. ಮಣ್ಣು ನಾಲ್ಕು ಪಟ್ಟು ಮೆತ್ತಗಾದರೆ ಮೊಮೆಂಟ್ 1.4 ಪಟ್ಟು ಮಾತ್ರ ಏರಿತು, ಅದಕ್ಕೇ ಬೀಮು ಒಡೆಯಲಿಲ್ಲ. ತಗ್ಗು ಮಾತ್ರ 2.8 ಪಟ್ಟು ಆಯಿತು, ಹಳಿ ಮಟ್ಟ ಕೆಟ್ಟಿತು.

ಈಗ ನೀವು ಹೇಳುವ ಹಾಗೆ ದಪ್ಪ 50 ಸೆಂ.ಮೀ. ಮಾಡೋಣ. ಕಾಂಕ್ರೀಟು ಕಾಲು ಭಾಗ ಜಾಸ್ತಿ. ತಗ್ಗು 7.8ರಿಂದ 6.6ಕ್ಕೆ ಇಳಿಯುತ್ತದೆ, ಅಷ್ಟೇ. ಗಟ್ಟಿ ಬೀಮು ಭಾರವನ್ನು ದೂರಕ್ಕೆ ಹಂಚುವುದರಿಂದ ಮೊಮೆಂಟ್ 95ಕ್ಕೆ ಏರುತ್ತದೆ. ಅದರ ಬದಲು ಎರೆ ಮಣ್ಣು ತೆಗೆದು, ಮುರುಮ್ ಹಾಕಿ ತುಳಿಸಿ, ನೆನೆಸಿದ ಮೇಲೂ 20ರ ಅಂಕಿ ಬಂದರೆ 2.75ಕ್ಕೇ ನಿಲ್ಲುತ್ತದೆ. ಸುಮ್ನೆ ಸಿಮೆಂಟಿಗೆ ದುಡ್ಡು ಸುರಿಯುವುದು ಬೇಡ ಅಂತಲೇ ನಾವು ಜಗಳ ಆಡುವುದು. ನೆನೆಸಿ ಪರೀಕ್ಷೆ ಮಾಡಲು ಜಾಕು, ತಟ್ಟೆ, ಕಲ್ಲು ತುಂಬಿದ ಟ್ರ್ಯಾಲಿ ಎಲ್ಲ ಬಾಡಿಗೆಗೆ ತರಬೇಕು. ಆ ಖರ್ಚಿನಲ್ಲಿ ನಮಗೆ ಲಾಭ ಇಲ್ಲ.

ಇನ್ನೊಂದು ಮಾತು. ಮೇಲಿನ ಸೂತ್ರ ಚಕ್ರ ಬೀಮಿನ ನಡುವೆ ಇದ್ದಾಗ ಮಾತ್ರ ಸರಿ, ಎರಡೂ ಕಡೆ ಸುಮಾರು 3L ಬೀಮು ಉಳಿದಿರಬೇಕು. ಚಕ್ರ ತುದಿಗೇ ಬಂದರೆ ತಗ್ಗು ನಾಲ್ಕು ಪಟ್ಟು. ಆದ್ದರಿಂದ ತುದಿಗಿಂತ ಒಳಗೇ ಕ್ರೇನ್ ನಿಲ್ಲಿಸುವ ತಡೆ ಹಾಕುತ್ತೇವೆ, ದಯವಿಟ್ಟು ಅದನ್ನು ಕಿತ್ತು ಹಾಕಬೇಡಿ. ಎರೆ ಮಣ್ಣು ಉಬ್ಬಿ ಬೀಮನ್ನು ಮೇಲೆತ್ತುವುದು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಮುರುಮ್ ಜೊತೆ ನೀರು ಹರಿಯುವ ಚರಂಡಿಯೂ ಬೇಕು.

ಹಳೆಯ ಹಳಿ ತಗ್ಗಿದೆ ಅನಿಸಿದವರು ತಿಳಿಸಿ. ಮಳೆ ಬಿದ್ದ ವಾರದಲ್ಲೇ ನಾವೇ ಬಂದು ಮಟ್ಟ ನೋಡುತ್ತೇವೆ, ಅದಕ್ಕೆ ಹಣ ಇಲ್ಲ.

ನಿಮ್ಮ,
ಬೀಮ್ ಕೆಲಸದವರು, ಕಲಬುರಗಿ