ಜೆಲ್ಲಿಫಿಶ್ ಚುಚ್ಚಿದ್ರ ಬಾಟ್ಲಿ ನೀರು ಸುರೀಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ದಸರಾ ರಜೆ ಬಂತಂದ್ರ ನಮ್ಮ ಗಂಗಾವತಿ, ಕೊಪ್ಪಳ ಕಡಿಂದ ಗಾಡಿ ಮಾಡ್ಕೊಂಡು ಗೋಕರ್ಣ, ಮುರ್ಡೇಶ್ವರಕ್ಕ ಹೋಗೋರು ಭಾಳ. ತುಂಗಭದ್ರಾದಾಗ ಈಜು ಕಲ್ತ ಹುಡುಗ್ರು ಸಮುದ್ರಕ್ಕೂ ಹಂಗ ಇಳೀತಾರ, ಆದ್ರ ಹೊಳ್ಯಾಗ ಇಲ್ಲದ ಕಾಟ ಅಲ್ಲೈತಿ. ಹೋದ ಸಲ ನಮ್ಮ ಓಣಿ ಹುಡುಗನ ಮೀನಖಂಡಕ್ಕ ಜೆಲ್ಲಿಫಿಶ್ ಎಳೆ ಸುತ್ಕೊಂಡು, ಬಾರಕೋಲಿಂದ ಬಾರಿಸಿದಂಗ ಕೆಂಪು ಬಾಸುಂಡೆ ಎದ್ವು. ಜೊತಿಗಿದ್ದೋರು ಗಾಬರ್ಯಾಗಿ ಮರಳು ಹಚ್ಚಿ ತಿಕ್ಕಿದ್ರು, ಮ್ಯಾಲೆ ಕುಡಿಯೋ ನೀರು ಸುರಿದ್ರು, ಉರಿ ಇನ್ನೂ ಜಾಸ್ತಿ ಆತು.

ಯಾಕಂದ್ರ ಆ ಎಳಿ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ವಿಷದ ಚೀಲ ಇರ್ತಾವು, ಒಂದೊಂದ್ರಾಗೂ ಸುರುಳಿ ಸುತ್ತಿದ ಮುಳ್ಳು. ಮುಟ್ಟಿದ ಕೂಡ್ಲೆ ಎಲ್ಲಾ ಸಿಡಿಯಂಗಿಲ್ಲ, ಎಷ್ಟೋ ಹಂಗ ಚರ್ಮಕ್ಕ ಅಂಟ್ಕೊಂಡಿರ್ತಾವು. ತಿಕ್ಕಿದ್ರ ಅವೂ ಸಿಡೀತಾವು, ಸಿಹಿನೀರು ಬಿದ್ರೂ ಸಿಡೀತಾವು. ಉಚ್ಚಿ ಹೊಯ್ಯೋದು ಅಂತೂ ಸುದ್ದಿನ ಬ್ಯಾಡ, ಅದ್ರಿಂದ ಏನೂ ಉಪಯೋಗಿಲ್ಲ.

ಮೊದ್ಲು ನೀರಿಂದ ಹೊರಗ ಬರ್ಬೇಕು. ಸಮುದ್ರದ ನೀರೇ ಮಗ್ಗಿಂದ ಹಾಕಿ ತೊಳೀಬೇಕು, ಉಳಿದ ಎಳೆ ಚಿಮಟಾದಿಂದ ಮೆಲ್ಲಕ ತಗೀಬೇಕು, ಬರಿಗೈ ಹಚ್ಚಬಾರದು. ಆಮ್ಯಾಲೆ ಬಿಸಿನೀರು, ಇದ ದೊಡ್ಡ ಮದ್ದು. ಚಾದಂಗಡ್ಯಾಗ ಒಂದು ಚೊಂಬು ಕುದಿಯೋ ನೀರು ಇಸ್ಕೊಂಡು ನಾಲ್ಕು ಚೊಂಬು ಸಮುದ್ರದ ನೀರಿಗೆ ಬೆರೆಸಿದ್ರ ಸುಮಾರು 42 ಡಿಗ್ರಿ ಬರ್ತೈತಿ, 45 ದಾಟಬಾರದು, ಸುಡ್ತೈತಿ. ಚುಚ್ಚಿಸ್ಕೊಂಡವ್ರಿಗೆ ಉರ್ಯಾಗ ಬಿಸಿ ಗೊತ್ತಾಗಂಗಿಲ್ಲ, ಅದಕ್ಕ ಬ್ಯಾರೇದೋರು ಮೊಣಕೈ ಅದ್ದಿ ನೋಡ್ಬೇಕು. 20 ನಿಮಿಷ ಕಾಲು ಅದ್ದಿಡ್ರಿ, ಆರಿದ್ರ ಕಾಲು ಹೊರಗ ತಗದು ಮತ್ತ ಬಿಸಿನೀರು ಬೆರಸ್ರಿ. ವಿನೆಗರ್ ಹಚ್ಚು ಅಂತ ವಾಟ್ಸಪ್ಪಿನಾಗ ಬರ್ತಾವಲ್ಲ, ಅದು ಬಾಕ್ಸ್ ಜೆಲ್ಲಿಫಿಶ್‌ಗೆ ಸರಿ. ಮಳಿಗಾಲದಾಗ ದಂಡಿಗೆ ಬೀಳೋ ನೀಲಿ ಗುಳ್ಳಿ ತರದ ಬ್ಲೂಬಾಟಲ್‌ಗೆ ಹಚ್ಚಬ್ಯಾಡ್ರಿ ಅಂತ ಆಸ್ಟ್ರೇಲಿಯಾದ ಫಸ್ಟ್ ಏಡ್ ನಿಯಮನ ಐತಿ. ಅದು ಸತ್ತು ಮರಳಾಗ ಬಿದ್ರೂ ಚುಚ್ಚತೈತಿ, ಹುಡುಗ್ರು ಕಡ್ಡೀಲಿ ಎತ್ತಿ ಆಡ್ತಿರ್ತಾರ ನೋಡ್ರಿ, ಬಿಡಿಸ್ರಿ.

ತೊರಕೆ ಮೀನಿನ ಮುಳ್ಳಿಗೂ ಇದ ಬಿಸಿನೀರು. ಆದ್ರ ಎದಿಗೋ ಹೊಟ್ಟಿಗೋ ನಾಟಿದ್ರ ಕೀಳಬ್ಯಾಡ್ರಿ, ಹಂಗ ದವಾಖಾನಿಗೆ ಒಯ್ರಿ. ತೊರಕೆ ಮರಳಾಗ ಹುದುಗಿರ್ತೈತಿ, ಕಾಲು ಎತ್ತಿಡದ ಎಳ್ಕೋತ ನಡದ್ರ ಅದ ಸರದು ಹೋಗ್ತೈತಿ.

ಉಸಿರು ಕಟ್ಟಿದ್ರ, ಎದಿ ನೋವು, ವಾಂತಿ ಬಂದ್ರ, ಮಾರಿ ಬಾತ್ರ, ಇಲ್ಲಾ ಕಣ್ಣಿಗೆ ಎಳೆ ತಾಗಿದ್ರ ಬಿಸಿನೀರು ಅಂತ ಕುಂದರಬ್ಯಾಡ್ರಿ, 108ಕ್ಕ ಫೋನ್ ಹಚ್ರಿ. ಬೀಚಿನ ಲೈಫ್‌ಗಾರ್ಡ್ ಕಟ್ಟಿ ಹತ್ರ ಒಂದು ಚಿಮಟಾ, ಬಕೀಟು, ಥರ್ಮಾಮೀಟರ್ ಇಟ್ಟು ಕನ್ನಡದಾಗ ಬೋರ್ಡ್ ಹಾಕ್ಸಂತ ಸಂಬಂಧಪಟ್ಟೋರಿಗೆ ನಿಮ್ಮ ಪೇಪರ್ ಮೂಲಕ ಕೇಳ್ಕೋತೀನಿ.

ಇಂತಿ,
ಗಂಗಾವತಿಯ ಓದುಗ