ಗಲ್ಲಾಪೆಟ್ಟಿಗೆಯ ಪಕ್ಕದ ನೋಟ್‌ಬುಕ್

ಕಲಬುರಗಿ

ಚಿ. ಮಲ್ಲಿಕಾರ್ಜುನನಿಗೆ ನಿನ್ನ ಕಾಕಾನ ಆಶೀರ್ವಾದಗಳು.

ಯಾದಗಿರಿಯಲ್ಲಿ ಕಿರಾಣಿ ಅಂಗಡಿ ತೆರೆದ ಮೇಲೆ ನಿನ್ನ ಊಟ, ನಿದ್ರೆ ಎರಡೂ ಕೆಟ್ಟಿವೆ ಎಂದು ವೈನಿ ಫೋನಿನಲ್ಲಿ ಹೇಳಿದರು. ಗಿರಾಕಿಗಳಿಲ್ಲದೆ ಕೆಟ್ಟಿದ್ದರೆ ನಾನೂ ಚಿಂತೆ ಮಾಡುತ್ತಿದ್ದೆ. ಗಿರಾಕಿ ಹೆಚ್ಚಾಗಿ ಕೆಟ್ಟಿರುವುದಕ್ಕೆ ಉಪಾಯವಿದೆ. ಬರೀ ಬುದ್ಧಿವಾದ ಬರೆದರೆ ನೀನು ಅರ್ಧಕ್ಕೇ ಮಡಚಿ ಇಡುತ್ತೀಯ ಎಂಬುದು ಗೊತ್ತು, ಆದ್ದರಿಂದ ಇಲ್ಲಿನ ಶರಣಪ್ಪನ ಕಥೆ ಹೇಳುತ್ತೇನೆ.

ಸೂಪರ್ ಮಾರ್ಕೆಟ್ ಕಡೆಯ ಒಂದು ಗಲ್ಲಿಯಲ್ಲಿ ಅವನ ಅಂಗಡಿ. ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲಿ ಹಾಲು, ಬ್ರೆಡ್ಡಿಗೆ ಜನ ನಿಂತಿರುತ್ತಾರೆ. ಬೆಲ್ಲ ತೂಗುತ್ತಿರುವಾಗ ಒಬ್ಬರು, ‘ಎರಡು ಕಿಲೋ ಶೇಂಗಾ ಎತ್ತಿಡು, ಸಂಜೆ ಬರುತ್ತೇನೆ’ ಎಂದು ಹೇಳಿ ಹೋಗುತ್ತಾರೆ. ಅಷ್ಟರಲ್ಲಿ ಎಣ್ಣೆ ಕಂಪನಿಯ ಹುಡುಗ ಬಾಕಿ ಕೇಳುತ್ತಾನೆ, ಹಮಾಲ ಚೀಲ ಇಳಿಸಿ ಕೂಲಿಗೆ ಕೈ ಚಾಚುತ್ತಾನೆ. ಶರಣಪ್ಪ ಎಲ್ಲದಕ್ಕೂ ‘ಆಯಿತು’ ಎನ್ನುತ್ತಿದ್ದ. ಸಂಜೆ ಆ ತಾಯಿ ಬಂದಾಗ ಶೇಂಗಾ ಮಾರಿ ಹೋಗಿರುತ್ತಿತ್ತು. ತನಗೆ ಜ್ಞಾಪಕಶಕ್ತಿ ಕಡಿಮೆ ಎಂದು ಅವನು ನಂಬಿದ್ದ. ಅದು ಸುಳ್ಳು. ಅವನಿಗೆ ಎಲ್ಲವೂ ನೆನಪಾಗುತ್ತಿತ್ತು, ಆದರೆ ಹೊತ್ತಲ್ಲದ ಹೊತ್ತಿನಲ್ಲಿ. ತಕ್ಕಡಿ ಕೈಯಲ್ಲಿದ್ದಾಗ ಮಿಲ್ಲಿಗೆ ಫೋನ್ ಮಾಡಬೇಕೆಂದು ಹೊಳೆಯುತ್ತಿತ್ತು, ಫೋನ್ ಕೈಗೆ ಬಂದಾಗ ಯಾರಿಗೆ ಮಾಡಬೇಕೆಂಬುದು ಮರೆತಿರುತ್ತಿತ್ತು.

ಅವನು ಮೊದಲು ಕೊಂಡದ್ದು ದಪ್ಪ ರಟ್ಟಿನ ಡೈರಿ. ಎಂಟಕ್ಕೆ ಇದು, ಒಂಬತ್ತಕ್ಕೆ ಅದು ಎಂದು ಇಡೀ ದಿನವನ್ನು ಗಂಟೆ ಗಂಟೆಯಾಗಿ ಹಂಚಿಟ್ಟ. ಗಿರಾಕಿ ನಮ್ಮ ಡೈರಿ ನೋಡಿಕೊಂಡು ಬರುವುದಿಲ್ಲವಲ್ಲ, ಹತ್ತು ಗಂಟೆಗೇ ಎಲ್ಲವೂ ತಪ್ಪುತ್ತಿತ್ತು. ಆಮೇಲೆ ಒಂದೇ ಪುಸ್ತಕದಲ್ಲಿ ಉದ್ರಿ, ಫೋನ್ ನಂಬರು, ಸಕ್ಕರೆಯ ದರ, ಮಗಳ ಶಾಲೆಯ ಫೀಸು ಎಲ್ಲವನ್ನೂ ಬರೆಯತೊಡಗಿದ. ಹುಡುಕುವ ಹೊತ್ತಿಗೆ ಯಾವುದೂ ಸಿಗುತ್ತಿರಲಿಲ್ಲ.

ಅವನಿಗೆ ದಾರಿ ತೋರಿಸಿದವರು ಬೇಳೆಯ ಬಾಕಿಗೆ ಬಂದಿದ್ದ ದಾಲ್ ಮಿಲ್ಲಿನ ಹಳೆಯ ಮುನೀಮರು. ಉದ್ರಿ ಖಾತೆಯನ್ನು ಮೊದಲು ಬೇರೆ ಮಾಡಿಸಿದರು. ಉದ್ರಿ ಎಂದರೆ ಇನ್ನೊಬ್ಬರ ದುಡ್ಡಿನ ವ್ಯವಹಾರ. ಅದನ್ನು ಗಿರಾಕಿಯ ಎದುರಿಗೇ ಬರೆದು ಮೊತ್ತ ಓದಿ ಹೇಳಬೇಕು, ಅದರಲ್ಲಿ ಗೀಚಾಟ ಇರಬಾರದು. ದಿನದ ಕೆಲಸದ ಪುಸ್ತಕವಾದರೋ ಗೀಚಿ ಹೊಡೆದುಹಾಕುವುದಕ್ಕೇ ಇರುವುದು. ಎರಡೂ ಒಂದೇ ಕಡೆ ಇದ್ದರೆ ಜಗಳ ಖಂಡಿತ.

ಆಮೇಲೆ ಒಂದು ಸಣ್ಣ ನೋಟ್‌ಬುಕ್ ತರಿಸಿ, ಪೆನ್ಸಿಲ್ಲಿಗೆ ಸುತಳಿ ಕಟ್ಟಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಇಡಿಸಿದರು. ದಿನಕ್ಕೊಂದು ಪುಟ, ಮೇಲೆ ತಾರೀಖು. ಯಾರು ಏನೇ ಹೇಳಲಿ, ಚುಕ್ಕೆ ಇಟ್ಟು ಅದರ ಮುಂದೆ ಒಂದೇ ಸಾಲು. ಶೇಂಗಾ 2 ಕಿಲೋ, ಮೂಲೆ ಮನೆಯವರು, ಸಂಜೆ. ಅಷ್ಟೇ. ಬರೆದು ಮತ್ತೆ ತಕ್ಕಡಿಗೆ ಮರಳಬೇಕು, ಆ ಕೆಲಸದ ಹಿಂದೆ ಆಗಲೇ ಓಡಬಾರದು. ಮುಗಿದಾಗ ಚುಕ್ಕೆಯ ಮೇಲೆ ಟಿಕ್. ಬೇಡವಾದರೆ ಸಾಲಿಗೆ ಅಡ್ಡಗೆರೆ. ನಾಳೆಗೆ ಹೋದರೆ ಬಾಣದ ಗುರುತು ಹಾಕಿ, ನಾಳಿನ ಪುಟದಲ್ಲಿ ಅದೇ ಸಾಲನ್ನು ಕೈಯಾರೆ ಮತ್ತೆ ಬರೆಯಬೇಕು. ಹೀಗೆ ಮತ್ತೆ ಬರೆಯುವುದು ಬೇಸರದ ಕೆಲಸ, ಬೇಸರವಾಗಲಿ ಎಂದೇ ಅದನ್ನು ಇಟ್ಟಿರುವುದು. ಒಂದೇ ಸಾಲನ್ನು ಮೂರನೆಯ ಸಲ ಬರೆಯುವಾಗ ಕೈ ತಾನಾಗಿ ನಿಲ್ಲುತ್ತದೆ.

ಶರಣಪ್ಪನ ಕೈ ನಿಂತದ್ದು ‘ಗೋದಾಮು ಸರಿ ಮಾಡುವುದು’ ಎಂಬ ಸಾಲಿನಲ್ಲಿ. ಮುನೀಮರು ಅದನ್ನು ನೋಡಿ, ಇದು ಒಂದು ಕೆಲಸವಲ್ಲ, ಹತ್ತು ಕೆಲಸಗಳ ಮೂಟೆ ಎಂದರು. ಅದನ್ನು ಹೊಡೆದುಹಾಕಿ ‘ಹಿಂದಿನ ಗೋಡೆಯ ಖಾಲಿ ಗೋಣಿಚೀಲಗಳನ್ನು ಎಣಿಸಿ ಕಟ್ಟುವುದು’ ಎಂದು ಬರೆಸಿದರು. ಅದೇ ಮಧ್ಯಾಹ್ನ ಅದಕ್ಕೆ ಟಿಕ್ ಬಿತ್ತು. ನಿನ್ನ ಪುಸ್ತಕದಲ್ಲೂ ಸಾಲೊಂದು ಹೀಗೆ ಪುಟದಿಂದ ಪುಟಕ್ಕೆ ಅಲೆಯುತ್ತಿದ್ದರೆ, ಅದು ಮೂಟೆಯೋ ಅಥವಾ ನಿನಗೆ ಬೇಡವಾದ ಕೆಲಸವೋ ನೋಡು.

ಬರೆದದ್ದನ್ನು ಓದುವುದು ಯಾವಾಗ? ಬೇಸಿಗೆಯಲ್ಲಿ ಎರಡರಿಂದ ನಾಲ್ಕರವರೆಗೆ ನಮ್ಮ ಕಡೆಯ ಬೀದಿಗಳಲ್ಲಿ ನಾಯಿಯೂ ಓಡಾಡುವುದಿಲ್ಲ. ಶರಣಪ್ಪ ಆಗ ಮೊದಲು ಫೋನಿನ ಸಾಲುಗಳನ್ನೆಲ್ಲ ಒಟ್ಟಿಗೆ ಮುಗಿಸುತ್ತಾನೆ, ಆಮೇಲೆ ಎತ್ತಿಡುವ ಸಾಮಾನು. ರಾತ್ರಿ ಬಾಗಿಲು ಹಾಕುವ ಮುಂಚೆ ಇನ್ನೊಮ್ಮೆ ನೋಡಿ ನಾಳಿನ ಪುಟ ತೆರೆಯುತ್ತಾನೆ. ಈ ಎರಡನೆಯ ನೋಟ ತಪ್ಪಿದರೆ ಪುಸ್ತಕ ವಾರದೊಳಗೆ ಸತ್ತಂತೆಯೇ. ಟಿಕ್ಕೂ ಇಲ್ಲದ, ಬಾಣವೂ ಇಲ್ಲದ ಬರೀ ಚುಕ್ಕೆಗಳು ಹಿಂದಿನ ಪುಟಗಳಲ್ಲಿ ಉಳಿದಿದ್ದರೆ ಅದೇ ಗುರುತು.

ಈಗ ತೊಗರಿಬೇಳೆಯ ಲೆಕ್ಕ, ಇದನ್ನು ಚೆನ್ನಾಗಿ ಓದು. ಬೇಳೆ ಮುಗಿದ ಮೇಲೆ ಮಿಲ್ಲಿಗೆ ಫೋನ್ ಮಾಡುವುದು ಅವನ ಅಭ್ಯಾಸವಾಗಿತ್ತು, ಎರಡು ದಿನ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ತೊಗರಿಯ ಊರಿನಲ್ಲಿ ಬೇಳೆ ಇಲ್ಲ ಎನ್ನುವುದು ಎಂಥ ನಾಚಿಕೆ! ಮುನೀಮರ ಮಾತಿನಂತೆ ಒಂದು ವಾರ ಮಾರಾಟವನ್ನು ಗೆರೆ ಎಳೆದು ಎಣಿಸಿದ. 35 ಕಿಲೋ, ಅಂದರೆ ದಿನಕ್ಕೆ 5. ಫೋನ್ ಮಾಡಿದ ಮೂರನೆಯ ದಿನಕ್ಕೆ ಟೆಂಪೊ ಬರುತ್ತದೆ, ಅದಕ್ಕೆ 15 ಕಿಲೋ ಬೇಕು. ಟೆಂಪೊ ತಡವಾದರೆಂದು ಇನ್ನೆರಡು ದಿನದ್ದು 10. ಒಟ್ಟು 25 ಕಿಲೋ ಉಳಿದಾಗ ಆರ್ಡರ್ ಹೋಗಬೇಕು. ದಿನವೂ ತೂಗಿ ನೋಡುವವರು ಯಾರು? ಅವನ ಚೀಲ 30 ಕಿಲೋದ್ದು. ಹಾಗಾಗಿ ಕೊನೆಯ ಚೀಲದ ಹೊಲಿಗೆ ಬಿಚ್ಚಿದ ಕೂಡಲೇ ‘ಮಿಲ್, ಬೇಳೆ’ ಎಂದು ಬರೆಯುವ ನಿಯಮ ಮಾಡಿಕೊಂಡ. ಕೆಲಸದ ಹುಡುಗನೂ ಇದನ್ನು ಮಾಡಬಲ್ಲ. ಆದರೆ ಅಂಗಡಿಯ ಎಲ್ಲ ಸಾಮಾನಿಗೂ ಹೀಗೆ ಲೆಕ್ಕ ಹಾಕಲು ಹೋಗಬೇಡ. ಬೇಳೆ, ಜೋಳ, ಎಣ್ಣೆ, ಸಕ್ಕರೆ, ಚಹಾಪುಡಿಯಂತಹ ವೇಗವಾಗಿ ಹೋಗುವ ಹತ್ತು ಹನ್ನೆರಡಕ್ಕೆ ಸಾಕು. ಮಾರಾಟ ಏರಿಳಿದಾಗ ಮತ್ತೊಂದು ವಾರ ಎಣಿಸಿ ಅಂಕಿ ತಿದ್ದಿಕೊ.

ಪುಸ್ತಕದ ಕೊನೆಯ ಪುಟಗಳು ಮುಂದಿನ ತಿಂಗಳುಗಳಿಗೆ. ನೀನು ಜಿಎಸ್‌ಟಿಯ ಕಾಂಪೋಸಿಶನ್ ಪದ್ಧತಿಯಲ್ಲಿದ್ದರೆ ಮೂರು ತಿಂಗಳಿಗೊಮ್ಮೆ CMP-08 ತುಂಬಬೇಕು. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯ 18ನೇ ತಾರೀಖು ಕಡೆಯ ದಿನ, ತಪ್ಪಿದರೆ ಬಡ್ಡಿ. ಈ ನಾಲ್ಕು ಸಾಲುಗಳನ್ನು ಇವತ್ತೇ ಬರೆ, ಪ್ರತಿಯೊಂದಕ್ಕೂ ಒಂದು ವಾರ ಮುಂಚಿನ ತಾರೀಖು ಹಾಕು. ಎಳ್ಳಮಾವಾಸ್ಯೆಯನ್ನೂ ಅಲ್ಲೇ ಬರೆ. ಎಳ್ಳು, ಬೆಲ್ಲ, ಶೇಂಗಾ, ಸಜ್ಜೆ ಎಲ್ಲರಿಗೂ ಒಟ್ಟಿಗೇ ಬೇಕಾಗುವ ಹಬ್ಬ ಅದು. ತಾರೀಖು ವರ್ಷವರ್ಷ ಬದಲಾಗುವುದರಿಂದ ಪಂಚಾಂಗ ನೋಡಿ, ಅಮಾವಾಸ್ಯೆಗೆ ಹದಿನೈದು ದಿನ ಮುಂಚೆ ‘ಎಳ್ಳು ತರಿಸು’ ಎಂದು ಗುರುತು ಮಾಡಿಕೊ. ಎಷ್ಟು ತರಿಸಿದೆ, ಎಷ್ಟು ಉಳಿಯಿತು ಎಂಬುದನ್ನು ಹಬ್ಬದ ಮರುದಿನವೇ ಅದರ ಪಕ್ಕದಲ್ಲಿ ಬರೆದಿಟ್ಟು, ತುಂಬಿದ ಪುಸ್ತಕವನ್ನು ರದ್ದಿಗೆ ಹಾಕದೆ ಕಪಾಟಿನಲ್ಲಿ ಇಡು.

ಮೊಬೈಲಿನಲ್ಲೇ ಬರೆಯಬಹುದಲ್ಲ ಕಾಕಾ ಎಂದು ನೀನು ಕೇಳುತ್ತೀಯ. ಬರೆಯಬಹುದು. ಆದರೆ ಎಣ್ಣೆಯ ಕೈಯಲ್ಲಿ ಅದನ್ನು ತೆರೆಯುವುದು ಕಷ್ಟ, ತೆರೆದರೆ ಹತ್ತು ಮೆಸೇಜು ಎದುರಿಗೆ ನಿಲ್ಲುತ್ತವೆ. ಅದಕ್ಕಿಂತ ಮುಖ್ಯವಾಗಿ, ನೀನು ಊಟಕ್ಕೆ ಹೋದಾಗ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ನಿನ್ನ ತಮ್ಮ ನಿನ್ನ ಮೊಬೈಲ್ ಓದಲಾರ, ಪುಸ್ತಕ ಓದಬಲ್ಲ.

ಒಂದು ವಾರ ಬೇಳೆಯನ್ನೂ ಜೋಳವನ್ನೂ ಎಣಿಸಿ ಆ ಅಂಕಿಗಳನ್ನು ನನಗೆ ಬರೆದು ಕಳಿಸು. ನಿನ್ನ ಚೀಲ ಎಷ್ಟು ಕಿಲೋದ್ದು, ಸಾಮಾನು ಎಷ್ಟು ದಿನಕ್ಕೆ ಬರುತ್ತದೆ ಎಂಬುದನ್ನೂ ತಿಳಿಸಿದರೆ ಉಳಿದ ಲೆಕ್ಕ ನಾನು ಹಾಕಿಕೊಡುತ್ತೇನೆ. ಅಣ್ಣನಿಗೂ ವೈನಿಗೂ ನಮಸ್ಕಾರ ಹೇಳು.

ಇಂತಿ,
ನಿನ್ನ ಕಾಕಾ